ಸೋಮವಾರದಿಂದ ಇವರು ಬರ್ತಾರೆ

ಎಮ್ಮೆದೊಡ್ಡಿಗೆ ಹೊಸ ಮೇಷ್ಟ್ರು ಬರುವ ವಿಷಯ ಒಮ್ಮೊಮ್ಮೆ ಆ ಮೇಷ್ಟ್ರಿಗಿಂತ ಮೊದಲೇ ನಮಗೆ ಗೊತ್ತಾಗಿರುತ್ತಿತ್ತು. ಕಡೂರಿನ ಕಚೇರಿಯಲ್ಲಿ ಆದೇಶ ಟೈಪಾಗಿ, ಸಹಿಯಾಗಿ, ಟಪಾಲಿಗೆ ಬೀಳುವಷ್ಟರಲ್ಲಿ ಅದರ ಸಾರಾಂಶ ಬಸ್ಸು ಹತ್ತಿಬಿಟ್ಟಿರುತ್ತಿತ್ತು. ಕಂಡಕ್ಟರ್ ಅದನ್ನು ಹೋಟೆಲಿನ ಮುಂದೆ ಇಳಿಸುತ್ತಿದ್ದ. ತರೀಕೆರೆ ಕಡೆಯೋರಂತೆ. ಇನ್ನೂ ಮದುವೆ ಆಗಿಲ್ಲವಂತೆ. ಲೆಕ್ಕ ಹೇಳಿಕೊಡ್ತಾರಂತೆ. ಹೊಡೀತಾರಂತೆ. ಕೊನೆಯ ಎರಡು ನಮ್ಮಂಥ ಹುಡುಗರಿಗೆ. ಮೊದಲಿನ ಎರಡರ ಮೇಲೆ ದೊಡ್ಡವರ ಚರ್ಚೆ ಸಂಜೆಯತನಕ ನಡೆಯುತ್ತಿತ್ತು. ಯಾರ ಪೈಕಿ, ಎಷ್ಟು ಜಮೀನು, ಹಿಂದಿನ ಊರು ಯಾಕೆ ಬಿಟ್ಟರು, ಮನೆ ಬಾಡಿಗೆಗೆ ಹಿಡೀತಾರೋ ಇಲ್ಲ ಬೀರೂರಿನಿಂದ ಓಡಾಡ್ತಾರೋ. ಪಾಪ, ಆ ಮನುಷ್ಯ ಟ್ರಂಕು ಹಿಡಿದು ಬಸ್ಸಿಳಿಯುವ ಹೊತ್ತಿಗೆ ಅವರ ಜೀವನಚರಿತ್ರೆಯ ಎರಡನೇ ಆವೃತ್ತಿ ನಡೆಯುತ್ತಿರುತ್ತಿತ್ತು.

ಈಗ ಬೆಂಗಳೂರಿನ ಒಂದು ಕಂಪನಿಯ ಎಚ್.ಆರ್. ವಿಭಾಗದಲ್ಲಿ ನಾನು ಮಾಡುವ ಕೆಲಸಗಳಲ್ಲೊಂದು ಆ ಕಂಡಕ್ಟರನದೇ. ಹೊಸಬರು ಯಾರಾದರೂ ಸೇರಿದರೆ, ಅವರು ಯಾರು, ಎಲ್ಲಿದ್ದರು, ಇಲ್ಲಿ ಏನು ಮಾಡುತ್ತಾರೆ, ಯಾವತ್ತಿನಿಂದ ಬರುತ್ತಾರೆ ಎಂದು ಇಡೀ ಕಂಪನಿಗೆ ಮೇಲ್ ಕಳಿಸಬೇಕು. ಆದರೆ ಕಂಡಕ್ಟರನಿಗಿದ್ದ ಸ್ವಾತಂತ್ರ್ಯ ನನಗಿಲ್ಲ. ಜನಕ್ಕೆ ನಿಜವಾಗಿ ತಿಳಿಯಬೇಕೆನಿಸುವ ಯಾವುದನ್ನೂ ನಾನು ಬರೆಯುವಂತಿಲ್ಲ. ಊರು ಕೇಳುತ್ತಿದ್ದ ಪ್ರಶ್ನೆಗಳನ್ನೆಲ್ಲ ಒಂದು ಕಡೆ ಬರೆದಿಟ್ಟರೆ, ಜಾತಿ, ಮದುವೆ, ವಯಸ್ಸು, ಸಂಬಳ, ಹಿಂದಿನ ಕೆಲಸ ಬಿಟ್ಟ ಕಾರಣ, ಅದೇ ನನ್ನ ನಿಷೇಧಗಳ ಪಟ್ಟಿ.

ಈ ಮೇಲ್‌ಗಳನ್ನು ನೀವು ಓದಿರುತ್ತೀರಿ. ಅಥವಾ ಓದದೆ ಅಳಿಸಿರುತ್ತೀರಿ. ಅವು ಸದಾ ಅತೀವ ಹರ್ಷದಿಂದ ಶುರುವಾಗುತ್ತವೆ. ಬರುವವರು ಹದಿನೈದು ವರ್ಷಗಳ ಅಪಾರ ಅನುಭವವನ್ನು ‘ತಮ್ಮೊಂದಿಗೆ ತರುತ್ತಾರೆ’, ಬಿಟ್ಟುಬರಲು ಅದೇನೋ ಸಾಧ್ಯವಿತ್ತು ಅನ್ನುವ ಹಾಗೆ. ನಂತರ ಹಿಂದಿನ ಕಂಪನಿಗಳ ಸಾಲು. ಬೀರೂರಿನಲ್ಲಿ ಅಮೃತಮಹಲ್ ಹೋರಿಕರುಗಳ ಹರಾಜಿನ ದಿನ ಕರುವಿನ ವಂಶ ಹೇಳುತ್ತಾರಲ್ಲ, ಹಾಗೆ. ವ್ಯತ್ಯಾಸವೆಂದರೆ ಹರಾಜಿನಲ್ಲಿ ನಿಂತ ರೈತ ವಂಶ ಕೇಳುತ್ತಲೇ ಕರುವಿನ ಕಾಲು, ಗೊರಸು, ನಡಿಗೆ ನೋಡುತ್ತಾನೆ; ನಮ್ಮ ಮೇಲ್‌ನಲ್ಲಿ ನೋಡಲಿಕ್ಕೆ ಏನೂ ಇರುವುದಿಲ್ಲ. ಕೊನೆಗೆ ಹವ್ಯಾಸ. ನಮ್ಮ ದೇಶದಲ್ಲಿ ಕೆಲಸಕ್ಕೆ ಸೇರುವ ಎಲ್ಲರಿಗೂ ಪ್ರವಾಸ, ಸಂಗೀತ ಮತ್ತು ಓದುವುದು ಇಷ್ಟ. ಸುಮ್ಮನೆ ಮಲಗುವುದು ಇಷ್ಟವಿರುವವರು ಯಾವ ಕಂಪನಿಗೆ ಹೋಗುತ್ತಾರೋ ಕಾಣೆ.

ಇಷ್ಟೆಲ್ಲ ಓದಿದ ಮೇಲೂ ಒಂದು ವಿಷಯ ತಿಳಿದಿರುವುದಿಲ್ಲ: ನಾಳೆಯಿಂದ ನನ್ನ ಕೆಲಸದಲ್ಲಿ ಏನು ಬದಲಾಗುತ್ತದೆ? ಆ ಮೇಲ್ ಇರುವುದೇ ಅದಕ್ಕೆ. ಯಾವ ಪ್ರಶ್ನೆಯನ್ನು ಇನ್ನು ಮುಂದೆ ಯಾರ ಬಳಿ ಒಯ್ಯಬೇಕು, ಯಾವತ್ತಿನಿಂದ, ಅಲ್ಲಿಯವರೆಗೆ ಯಾರು. ಉಳಿದದ್ದು ಹಾರ ತುರಾಯಿ.

ದೊಡ್ಡವರ ವಿಷಯದಲ್ಲಿ ಇದನ್ನು ಕಾನೂನೇ ಹೇಳಿಬಿಟ್ಟಿದೆ. ಷೇರುಪೇಟೆಯಲ್ಲಿರುವ ಕಂಪನಿ ಹೊಸ ನಿರ್ದೇಶಕರನ್ನೋ ಸಿಇಒ ಅವರನ್ನೋ ನೇಮಿಸಿದರೆ ಅದನ್ನು ಷೇರು ವಿನಿಮಯ ಕೇಂದ್ರಕ್ಕೆ ತಿಳಿಸಬೇಕೆಂದು ಸೆಬಿಯ 2015ರ ನಿಯಮಗಳಲ್ಲಿದೆ. ಬದಲಾವಣೆಗೆ ಕಾರಣ, ನೇಮಕದ ದಿನಾಂಕ ಮತ್ತು ಅವಧಿ, ಸಂಕ್ಷಿಪ್ತ ಪರಿಚಯ, ನಿರ್ದೇಶಕರಾದರೆ ಉಳಿದ ನಿರ್ದೇಶಕರ ಜೊತೆಗಿನ ಸಂಬಂಧ. ಆ ಕೊನೆಯದನ್ನು ಓದಿದಾಗ ನನಗೆ ಖುಷಿಯಾಯಿತು. ಎಮ್ಮೆದೊಡ್ಡಿಯ ಹೋಟೆಲಿನ ಮುಂದೆ ಕೇಳುತ್ತಿದ್ದ ‘ಯಾರ ಪೈಕಿ’ ಅನ್ನುವ ಪ್ರಶ್ನೆಯನ್ನು ಮುಂಬೈಯಲ್ಲಿ ಕೂತವರೂ ಕೇಳುತ್ತಾರೆ. ಹವ್ಯಾಸ ಮಾತ್ರ ಕೇಳುವುದಿಲ್ಲ.

ಬೆಂಗಳೂರಿನಲ್ಲಿ ಇಂಥ ಪ್ರಕಟಣೆಗಳ ಒಳ್ಳೆಯ ಮಾದರಿಗಳಿವೆ. ಹೊಸದಾಗಿ ನಮ್ಮ ವಿಭಾಗಕ್ಕೆ ಬರುವ ಹುಡುಗರಿಗೆ ನಾನು ಅವನ್ನೇ ತೋರಿಸುವುದು. ಇನ್ಫೋಸಿಸ್ 2014ರ ಜೂನ್ 12ರಂದು ವಿಶಾಲ್ ಸಿಕ್ಕಾ ಅವರ ಹೆಸರು ಹೇಳಿತು. ಅವರು ಕಾರ್ಯಭಾರ ವಹಿಸಿಕೊಂಡಿದ್ದು ಆಗಸ್ಟ್ 1ಕ್ಕೆ. ಸಂಸ್ಥಾಪಕರ ಗುಂಪಿನ ಹೊರಗಿನಿಂದ ಬಂದ ಮೊದಲ ಸಿಇಒ ಅವರು. ಅಲ್ಲಿಯತನಕ ಆ ಜಾಗದಲ್ಲಿದ್ದವರು ಸಂಸ್ಥಾಪಕರಲ್ಲೊಬ್ಬರಾದ ಎಸ್.ಡಿ. ಶಿಬುಲಾಲ್. ಸಿಕ್ಕಾ 2017ರ ಆಗಸ್ಟಿನಲ್ಲಿ ರಾಜೀನಾಮೆ ಕೊಟ್ಟ ಮೇಲೆ ಯು.ಬಿ. ಪ್ರವೀಣ್ ರಾವ್ ಹಂಗಾಮಿಯಾಗಿ ಕಂಪನಿ ನಡೆಸಿದರು. ಅದೇ ವರ್ಷ ಡಿಸೆಂಬರ್ 2ರಂದು ಸಲೀಲ್ ಪರೇಖ್ ಹೆಸರು ಪ್ರಕಟವಾಯಿತು. ಕ್ಯಾಪ್‌ಜೆಮಿನಿಯಿಂದ ಬರುತ್ತಾರೆ, 2018ರ ಜನವರಿ 2ರಿಂದ ಅಧಿಕಾರ. ಇವೆಲ್ಲ ಎಲ್ಲರೂ ಬರೆಯುವಂಥದ್ದೇ. ನಾನು ಬೆರಳಿಟ್ಟು ತೋರಿಸುವುದು ಇನ್ನೊಂದು ಮಾತನ್ನು: ಪ್ರವೀಣ್ ರಾವ್ ಹಂಗಾಮಿ ಸ್ಥಾನ ಬಿಟ್ಟು ಮುಖ್ಯ ಕಾರ್ಯಾಚರಣಾಧಿಕಾರಿಯಾಗಿ ಮುಂದುವರಿಯುತ್ತಾರೆ ಎಂಬುದನ್ನೂ ಆಗಲೇ ಹೇಳಿದ್ದರು. ಹೊಸಬರು ಬಂದ ದಿನ ಎಲ್ಲರ ಕಣ್ಣೂ ಅವರ ಮೇಲಿರುವುದಿಲ್ಲ. ಅರ್ಧ ಕಣ್ಣು ಆ ಕುರ್ಚಿಯಿಂದ ಎದ್ದವರ ಮೇಲಿರುತ್ತದೆ. ಅವರ ಗತಿ ಏನೆಂದು ಹೇಳದಿದ್ದರೆ ಕಾಫಿ ಮಷಿನ್ನಿನ ಹತ್ತಿರ ನಿಂತವರು ತಾವೇ ಹೇಳಿಬಿಡುತ್ತಾರೆ.

ವಿಪ್ರೋದ 2020ರ ಪ್ರಕಟಣೆ ನನಗೆ ಇನ್ನೂ ಇಷ್ಟ. ಮೇ 29ರಂದು ಥಿಯರಿ ಡೆಲಾಪೋರ್ಟ್ ಹೆಸರು ಬಂತು. ಅವರು ಸೇರುವುದು ಜುಲೈ 6ಕ್ಕೆ. ಆದರೆ ಆಗ ಸಿಇಒ ಆಗಿದ್ದ ಅಬಿದಾಲಿ ನೀಮೂಚ್‌ವಾಲಾ ಬಿಡುವುದು ಜೂನ್ 1ಕ್ಕೆ. ನಡುವೆ ತಿಂಗಳಿಗೂ ಮೀರಿದ ಖಾಲಿ. ಆ ಖಾಲಿಯನ್ನು ಪ್ರಕಟಣೆಯೇ ತುಂಬಿತ್ತು: ಜುಲೈ 5ರವರೆಗೆ ಅಧ್ಯಕ್ಷ ರಿಷದ್ ಪ್ರೇಮ್‌ಜಿ ದಿನನಿತ್ಯದ ವ್ಯವಹಾರ ನೋಡಿಕೊಳ್ಳುತ್ತಾರೆ. ಜೂನ್ 1, ಜುಲೈ 5, ಜುಲೈ 6. ಮೂರು ತಾರೀಕು ಪಕ್ಕಪಕ್ಕ ಇಟ್ಟರೆ ಕೆಲಸ ಯಾವ ದಿನವೂ ಅನಾಥವಾಗುವುದಿಲ್ಲ. ಸೇರುವ ದಿನವನ್ನು ಎಲ್ಲರೂ ಬರೆಯುತ್ತಾರೆ. ಕೆಲಸ ಕೈ ಬದಲಾಗುವ ದಿನ ಬೇರೆಯೇ ಇರುತ್ತದೆ ಅನ್ನುವುದು ಬರೆಯುವಾಗ ಯಾರಿಗೂ ನೆನಪಿರುವುದಿಲ್ಲ.

ಸಿಇಒಗಳ ಮಾತು ಸಾಕು. ನನ್ನ ಕೈಗೆ ಬರುವವರು ಬಿಲ್ ಪಾಸು ಮಾಡುವವರು, ಸ್ಟೋರು ನೋಡಿಕೊಳ್ಳುವವರು. ಅಂಥ ಒಬ್ಬರ ಮೇಲ್ ಕಥೆ ಹೇಳುತ್ತೇನೆ. ಹೆಸರು ಬೇಡ, ಅಜ್ಜಂಪುರದ ಹುಡುಗಿ ಅಂದರೆ ಸಾಕು. ಸರಬರಾಜುದಾರರ ಬಿಲ್ಲುಗಳ ಪಾವತಿ ನೋಡಿಕೊಳ್ಳುವ ತಂಡಕ್ಕೆ ಮುಖ್ಯಸ್ಥೆಯಾಗಿ ಬರುತ್ತಿದ್ದಳು. ಅಷ್ಟು ವರ್ಷ ಅದನ್ನು ನೋಡಿಕೊಂಡಿದ್ದ ಹಿರಿಯರೊಬ್ಬರು ಲೆಕ್ಕಪರಿಶೋಧನೆಯ ಕಡೆಗೆ ಹೋಗುವವರಿದ್ದರು. ಅದೇ ತಂಡದಲ್ಲಿದ್ದ ಇನ್ನೊಬ್ಬಾಕೆ ಈ ಜಾಗಕ್ಕೆ ಅರ್ಜಿ ಹಾಕಿ, ಸಂದರ್ಶನಕ್ಕೂ ಬಂದು, ಸಿಗದೆ ಸುಮ್ಮನಿದ್ದರು.

ಮೇಲ್‌ನ ಕರಡನ್ನು ವಿಭಾಗದ ಮ್ಯಾನೇಜರ್ರೇ ಬರೆದು ಕಳಿಸಿದರು. ಉತ್ಸಾಹದ ಮನುಷ್ಯ. ಕರಡು ಹೀಗಿತ್ತು: ಕಾಫಿ ನಾಡು ಚಿಕ್ಕಮಗಳೂರಿನ ಹಸಿರು ಮಡಿಲಿನಿಂದ ಬಂದ ಪ್ರತಿಭೆ ನಮ್ಮ ಕುಟುಂಬ ಸೇರುತ್ತಿದ್ದಾರೆ. ಇಂಥ ವರ್ಷ ಬಿ.ಕಾಂ., ಇಂಥ ವರ್ಷ ಎಂ.ಕಾಂ. ಕೌಟುಂಬಿಕ ಕಾರಣಕ್ಕೆ ಎರಡು ವರ್ಷ ವಿರಾಮ ಪಡೆದು ಮತ್ತೆ ವೃತ್ತಿಗೆ ಮರಳಿದ್ದಾರೆ. ಬಹುಕಾಲದಿಂದ ಕುಂಟುತ್ತಿದ್ದ ಬಿಲ್ ಪಾವತಿಯನ್ನು ಸರಿದಾರಿಗೆ ತರುವ ಹೊಣೆ ಇವರದು. ಮುಂದಿನ ವಾರ ಸೇರುತ್ತಾರೆ. ಎಲ್ಲರೂ ಸ್ವಾಗತಿಸೋಣ. ಜೊತೆಗೊಂದು ಫೋಟೋ, ಫೇಸ್‌ಬುಕ್ಕಿನಿಂದ ತೆಗೆದದ್ದು. ಯಾರದೋ ಮದುವೆಯಲ್ಲಿ ಡಾಬು ಹಾಕಿಕೊಂಡು ನಿಂತದ್ದು, ಪಕ್ಕದಲ್ಲಿದ್ದವರ ಭುಜ ಮಾತ್ರ ಉಳಿದ ಹಾಗೆ ಕತ್ತರಿಸಿದ್ದು.

ಅದನ್ನು ಹುಡುಗಿಗೆ ಕಳಿಸಿದೆ. ಇದು ನಮ್ಮಲ್ಲಿ ನಾನು ಹಿಡಿದ ಹಟ. ಯಾರ ಬಗ್ಗೆ ಬರೆದಿದೆಯೋ ಅವರು ಓದಿ ಹೂಂ ಅನ್ನದೆ ಮೇಲ್ ಹೊರಗೆ ಹೋಗುವುದಿಲ್ಲ. ಸಂಜೆ ಫೋನ್ ಮಾಡಿದಳು.

“ಸರ್, ಒಂದ್ ಮಾತು. ಕಾಫಿ ನಾಡು ಅಂತ ಹಾಕಿದಾರೆ.”

“ಜಿಲ್ಲೆ ಅದೇ ಅಲ್ವೇನಮ್ಮ?”

“ಜಿಲ್ಲೆ ಅದೇ ಸರ್. ನಮ್ಮನೇಲಿ ಬೆಳೆಯೋದು ಈರುಳ್ಳಿ. ಕಾಫಿ ಗಿಡನ ನಾನು ಕಾಲೇಜ್ ಟ್ರಿಪ್ಪಲ್ಲಿ ನೋಡಿದ್ದು.”

ನನಗೆ ನಗು ತಡೆಯಲಾಗಲಿಲ್ಲ. ಹೊರಗಿನವರಿಗೆ ಚಿಕ್ಕಮಗಳೂರು ಜಿಲ್ಲೆಯೆಂದರೆ ಮಂಜು, ಮುಳ್ಳಯ್ಯನಗಿರಿ, ಹೋಂಸ್ಟೇ. ಆ ಗುಡ್ಡಗಳ ಬೆನ್ನ ಕಡೆ ಮಳೆಯನ್ನೇ ಕಾಯುತ್ತ ಕೂತ ಬಯಲುಸೀಮೆಯೊಂದು ಇದೆ ಎಂಬುದು ಅವರಿಗೆ ತಿಳಿಯದು. ಕಡೂರು, ಅಜ್ಜಂಪುರ, ನಮ್ಮ ಎಮ್ಮೆದೊಡ್ಡಿ. ಮದಗದ ಕೆರೆ ಕೋಡಿ ಬಿತ್ತು ಅನ್ನುವುದೇ ಅಲ್ಲಿ ಆ ವರ್ಷದ ದೊಡ್ಡ ಸುದ್ದಿ. ನಾನೂ ಎಮ್ಮೆದೊಡ್ಡಿಯವನು ಎಂದೆ. ಒಂದು ಕ್ಷಣ ಸುಮ್ಮನಿದ್ದು, “ಹಂಗಾದ್ರೆ ನಿಮಗೆ ಹೇಳೋದೇ ಬೇಡ ಸರ್” ಅಂದಳು. ಆಮೇಲೆ ಹೇಳಬೇಕಾದ್ದೆಲ್ಲ ಸಲೀಸಾಗಿ ಬಂತು.

ಎರಡು ವರ್ಷದ ವಿರಾಮದ ಮಾತು ಬೇಡ, ಅಮ್ಮನ ಕಾಯಿಲೆಯ ವಿಷಯ, ಎಲ್ಲರಿಗೂ ಯಾಕೆ. ಸಂದರ್ಶನದಲ್ಲಿ ನಂಬಿ ಹೇಳಿದ್ದು ಊರೆಲ್ಲ ಓದುವ ಮೇಲ್‌ಗೆ ಬರಬಾರದು, ಸರಿಯೇ. ಡಿಗ್ರಿ ಇರಲಿ, ವರ್ಷ ಬೇಡ. ಇದನ್ನು ಅವಳು ಹೇಳಲಿಲ್ಲ, ನಾನೇ ತೆಗೆದೆ. ಬಿ.ಕಾಂ. ಮುಗಿಸಿದ ವರ್ಷ ಬರೆಯುವುದೂ ಹುಟ್ಟಿದ ವರ್ಷ ಬರೆಯುವುದೂ ಒಂದೇ. ಇಪ್ಪತ್ತೊಂದು ಕಳೆದರೆ ಮುಗಿಯಿತು, ಓದುವವರೆಲ್ಲ ಲೆಕ್ಕದ ವಿಭಾಗದವರು. ಫೋಟೋ ಬೇರೆ ಕಳಿಸುತ್ತೇನೆ ಅಂದಳು. ಹಿಂದಿನ ಕಂಪನಿಯ ಹೆಸರು ಹಾಕಬಹುದು, ಅಲ್ಲಿ ಯಾವ ಗ್ರಾಹಕರ ಲೆಕ್ಕ ನೋಡುತ್ತಿದ್ದೆ ಅನ್ನುವುದು ಬೇಡ. ಹೇಳುವುದಿಲ್ಲವೆಂದು ಅಲ್ಲಿ ಸಹಿ ಹಾಕಿದ್ದೇನೆ.

‘ಕುಂಟುತ್ತಿದ್ದ ಬಿಲ್ ಪಾವತಿ’ಯನ್ನು ಅವಳು ಗಮನಿಸಿರಲಿಲ್ಲ. ಅದು ಅವಳಿಗೆ ಚುಚ್ಚುವ ಮಾತಲ್ಲ. ಅಷ್ಟು ವರ್ಷ ಅದನ್ನು ಹೊತ್ತ ಹಿರಿಯರು ಬೆಳಿಗ್ಗೆ ಟೀ ಕುಡಿಯುತ್ತ ಅದನ್ನು ಓದುತ್ತಿದ್ದರು. ಹೊಸಬರನ್ನು ಹೊಗಳುವ ಭರದಲ್ಲಿ ಹಳಬರನ್ನು ಬಯ್ಯುವುದು ಈ ಮೇಲ್‌ಗಳಲ್ಲಿ ಆಗಾಗ ಆಗುತ್ತದೆ, ಬರೆದವರಿಗೆ ತಿಳಿಯದ ಹಾಗೆ. ಪತ್ತೆ ಮಾಡುವುದು ಸುಲಭ. ಕರಡನ್ನು ಒಮ್ಮೆ ಬಿಟ್ಟುಹೋಗುವವರಾಗಿ ಓದಬೇಕು, ಇನ್ನೊಮ್ಮೆ ಆ ಕೆಲಸ ಸಿಗದೆ ಹೋದವರಾಗಿ ಓದಬೇಕು. ‘ಇಡೀ ದೇಶದಲ್ಲಿ ಹುಡುಕಿ ಆರಿಸಿದ್ದೇವೆ’ ಅನ್ನುವುದು ಮೊದಲ ಸಲ ಓದಿದಾಗ ಒಳ್ಳೆಯ ಮಾತೇ. ಪಕ್ಕದ ಮೇಜಿನಲ್ಲಿ ಕೂತು ಅರ್ಜಿ ಹಾಕಿದ್ದಾಕೆ ಓದಿದರೆ ಅದು ಬೇರೆ ಮಾತು.

ಆಕೆಗೆ ಸುದ್ದಿ ಮೇಲ್‌ನಿಂದ ತಿಳಿಯಲೇಬಾರದು. ಇದರ ಕ್ರಮವೇ ಹೀಗೆ: ಮೊದಲು ಆಕೆಗೆ ಮ್ಯಾನೇಜರ್ ಮುಖತಃ ಹೇಳಬೇಕು, ಯಾಕೆ ಸಿಗಲಿಲ್ಲ ಅನ್ನುವುದನ್ನೂ ಸೇರಿಸಿ. ಆಮೇಲೆ ತಂಡಕ್ಕೆ. ಆಮೇಲೆ ಕಂಪ್ಯೂಟರ್ ಕೊಡುವವರಿಗೆ, ಗುರುತಿನ ಚೀಟಿ ಮಾಡುವವರಿಗೆ. ಕೊನೆಗೆ ಎಲ್ಲರಿಗೆ. ನಮ್ಮ ಮ್ಯಾನೇಜರ್ರು ಆಕೆಗೆ ಹೇಳುವುದನ್ನು ನಾಳೆ ನಾಳೆ ಎಂದು ಮುಂದೂಡುತ್ತಿದ್ದರು. ಮೇಲ್ ತಯಾರಿದೆ, ನೀವು ಹೇಳಿದ ಮೇಲೆಯೇ ಕಳಿಸುವುದು ಎಂದು ನಾನು ಕೂತುಬಿಟ್ಟೆ. ಮಧ್ಯಾಹ್ನ ಹೋಗಿ ಹೇಳಿ ಬಂದರು. ಹೇಗಾಯಿತು ಎಂದು ಕೇಳಿದರೆ, “ಅವರಿಗೆ ಆಗ್ಲೇ ಗೊತ್ತಿತ್ತು ಕಣ್ರೀ” ಅಂದರು. ಎಮ್ಮೆದೊಡ್ಡಿ ಬಸ್ಸು ಎಲ್ಲ ಕಡೆಯೂ ಓಡುತ್ತದೆ.

ಯಾವಾಗ ಕಳಿಸಬೇಕು ಅನ್ನುವುದು ಏನು ಬರೆಯಬೇಕು ಅನ್ನುವುದಕ್ಕಿಂತ ಕಷ್ಟ. ನಮ್ಮ ಐ.ಟಿ. ಊರಿನಲ್ಲಿ ಹಳೆಯ ಕೆಲಸ ಬಿಡಲು ತೊಂಬತ್ತು ದಿನದ ನೋಟಿಸು ಸಾಮಾನ್ಯ. ಆಫರ್ ಪತ್ರಕ್ಕೆ ಸಹಿ ಹಾಕಿದ ದಿನಕ್ಕೂ ಸೇರುವ ದಿನಕ್ಕೂ ನಡುವೆ ಮೂರು ತಿಂಗಳು. ಆ ಮೂರು ತಿಂಗಳಲ್ಲಿ ಆ ಪತ್ರ ತೋರಿಸಿಯೇ ಇನ್ನೊಂದು ಕಡೆ ಹೆಚ್ಚು ಸಂಬಳದ ಪತ್ರ ತಂದವರಿದ್ದಾರೆ; ಹಳೆಯ ಕಂಪನಿಯೇ ಸಂಬಳ ಏರಿಸಿ ಉಳಿಸಿಕೊಂಡದ್ದೂ ಇದೆ. ಆದ್ದರಿಂದ ಸಹಿಯಾದ ಸಂಭ್ರಮದಲ್ಲಿ ಮೇಲ್ ಕಳಿಸಬಾರದು. ಬೇಗ ಕಳಿಸಿದರೆ ಇನ್ನೊಂದು ಅಪಾಯ: ಆ ಮನುಷ್ಯ ಹಳೆಯ ಕಡೆ ಇನ್ನೂ ರಾಜೀನಾಮೆಯನ್ನೇ ಕೊಟ್ಟಿರುವುದಿಲ್ಲ, ನಮ್ಮಲ್ಲಿರುವ ಯಾರೋ ಅಲ್ಲಿರುವ ಯಾರಿಗೋ ಅಭಿನಂದನೆ ಹೇಳಿಬಿಡುತ್ತಾರೆ.

ಬಾರದೆ ಇರುವವರ ಲಕ್ಷಣಗಳು ನಿಧಾನವಾಗಿ ಕಾಣುತ್ತವೆ. ಮೊದಲು ದಿನಕ್ಕೊಂದು ಪ್ರಶ್ನೆ ಕೇಳುತ್ತಿದ್ದವರು ಏನೂ ಕೇಳುವುದಿಲ್ಲ. ಕೇಳಿದ ದಾಖಲೆ ‘ನಾಳೆ ಕಳಿಸ್ತೀನಿ ಸರ್’. ಸೇರುವ ತಾರೀಕು ಒಮ್ಮೆ ಮುಂದೆ ಹೋದರೆ ಮನೆಯಲ್ಲಿ ಏನೋ ಇರಬಹುದು. ಎರಡನೇ ಸಲ ಹೋದರೆ ಕಂಪನಿ ಇನ್ನೊಂದಿರಬಹುದು. ನನಗೆ ಗೊತ್ತಿರುವ ಇನ್ನೊಂದು ಕಂಪನಿಯಲ್ಲಿ ಇವನ್ನೆಲ್ಲ ನೋಡಿಯೂ ಶುಕ್ರವಾರ ದೊಡ್ಡ ಫೋಟೋ ಸಮೇತ ಮೇಲ್ ಕಳಿಸಿದರು. ಸೋಮವಾರ ಸಾಹೇಬರು ಬರಲಿಲ್ಲ, ಫೋನೂ ಎತ್ತಲಿಲ್ಲ. ಅವರ ಮೇಜಿನ ಮೇಲೆ ಬಲೂನು ಕಟ್ಟಿಟ್ಟಿದ್ದರು. ಮೇಲ್‌ಗೆ ಸ್ವಾಗತದ ಉತ್ತರಗಳು ಗುರುವಾರದ ತನಕವೂ ಬರುತ್ತಿದ್ದವು, ರಜೆ ಮುಗಿಸಿ ಬಂದವರಿಂದ. ಹಾಗಾದಾಗ ಮಾಡಬೇಕಾದದ್ದು ಒಂದೇ ಸಾಲು: ಇಂಥವರು ಸೇರುತ್ತಿಲ್ಲ, ಸದ್ಯಕ್ಕೆ ಆ ಕೆಲಸ ಇಂಥವರು ನೋಡುತ್ತಾರೆ. ಕಾರಣ ಬರೆಯಕೂಡದು. ಅಲ್ಲಿ ಆ ಸಾಲೂ ಹೋಗಲಿಲ್ಲ. ಬಲೂನು ತಾನಾಗಿ ಗಾಳಿ ಬಿಟ್ಟ ದಿನ ವಿಷಯ ಮುಗಿಯಿತು. ನಮ್ಮೂರಿನಲ್ಲಿ ವರ್ಗವಾಗಿ ಬರಬೇಕಾದ ಡಾಕ್ಟರೊಬ್ಬರು ಬೆಂಗಳೂರಿನಲ್ಲೇ ಆದೇಶ ರದ್ದು ಮಾಡಿಸಿಕೊಂಡಾಗ ಕಂಡಕ್ಟರ್ ಅದನ್ನೂ ತಂದು ಇಳಿಸಿದ್ದ, ಮೊದಲ ಸುದ್ದಿಯಷ್ಟೇ ಹುಮ್ಮಸ್ಸಿನಿಂದ. ಆ ಮಟ್ಟಿಗೆ ಅವನು ನಮಗಿಂತ ಪ್ರಾಮಾಣಿಕ.

ನಾವು ಈಗ ಮಾಡುವುದು ಹೀಗೆ. ಹಳೆಯ ಕಡೆ ರಾಜೀನಾಮೆ ಒಪ್ಪಿದ ಪತ್ರ ನೋಡಿದ ಮೇಲೆ ತಂಡಕ್ಕೆ ಹೇಳುತ್ತೇವೆ. ಎಲ್ಲರಿಗೂ ಹೋಗುವ ಮೇಲ್ ಅವರು ಬಂದು, ಗುರುತಿನ ಚೀಟಿ ಹಾಕಿಕೊಂಡು, ಕೂತ ಮೇಲೆ. ಮೇಲಿನ ಹುದ್ದೆಯವರಾದರೆ, ಹೊರಗಿನವರಿಗೂ ತಿಳಿಸಬೇಕಾಗಿದ್ದರೆ ಮಾತ್ರ ಮೊದಲೇ. ಇದರಿಂದ ಇನ್ನೊಂದು ಲಾಭವಿದೆ. ಮೊದಲೇ ಕಳಿಸಿದರೆ ಇಡೀ ಕಂಪನಿ ಓದಿದ ಆ ಮೇಲ್ ಯಾರ ಬಗ್ಗೆ ಬರೆದಿದೆಯೋ ಅವರಿಗೇ ಸಿಗುವುದಿಲ್ಲ, ಅವರ ಕಂಪನಿ ವಿಳಾಸ ಇನ್ನೂ ಹುಟ್ಟಿರುವುದಿಲ್ಲ. ಪಾಪ ನೋಡಲಿ ಎಂದು ಅವರ ಸ್ವಂತ ವಿಳಾಸ ಸೇರಿಸಿದರೆ ಅದು ಎಲ್ಲರ ಕಣ್ಣಿಗೂ ಬೀಳುತ್ತದೆ.

ಹುಡುಗಿಯ ಮೇಲ್ ಕೊನೆಗೆ ಹೀಗೆ ನಿಂತಿತು. ನಾವು ಕಳಿಸಿದ್ದು ಇಂಗ್ಲಿಷಿನಲ್ಲಿ. ಆದರೆ ನಾನು ಯೋಚಿಸಿದ್ದು ಹೀಗೆ:

‘ಸರಬರಾಜುದಾರರ ಬಿಲ್ ಪಾವತಿ ತಂಡದ ಮುಖ್ಯಸ್ಥೆಯಾಗಿ ಇವರು ಇಂದು, ಜುಲೈ 7, ಸೋಮವಾರ ಸೇರಿದ್ದಾರೆ. ಹಿಂದೆ ಒಂದು ಔಷಧ ಕಂಪನಿಯಲ್ಲಿ ಇದೇ ಕೆಲಸ ಮಾಡಿದ್ದಾರೆ; ಅಲ್ಲಿ ಕಾಗದದಲ್ಲಿದ್ದ ಬಿಲ್ ಪರಿಶೀಲನೆಯನ್ನು ಕಂಪ್ಯೂಟರಿಗೆ ತಂದ ತಂಡದಲ್ಲಿದ್ದರು. ಊರು ಅಜ್ಜಂಪುರ. ಜುಲೈ 18, ಶುಕ್ರವಾರದವರೆಗೆ ಬಿಲ್ಲುಗಳನ್ನು ಮೊದಲಿನಂತೆ ನಮ್ಮ ಹಿರಿಯ ಸಹೋದ್ಯೋಗಿಯೇ ಪಾಸು ಮಾಡುತ್ತಾರೆ. ಜುಲೈ 21, ಸೋಮವಾರದಿಂದ ಇವರು. ಬಿಲ್ ತಡವಾದರೆ ಅಂದಿನಿಂದ ಇವರನ್ನು ಕೇಳಿ. ಹೊಸ ಸರಬರಾಜುದಾರರನ್ನು ಸೇರಿಸುವ ಕೆಲಸ ಇವರದಲ್ಲ, ಅದು ಖರೀದಿ ವಿಭಾಗದ್ದೇ. ಹಿರಿಯರು 21ರಿಂದ ಲೆಕ್ಕಪರಿಶೋಧನೆಯಲ್ಲಿರುತ್ತಾರೆ. ಅವರು ಕಟ್ಟಿದ ತಂಡ ಇದು. ಮೂರನೇ ಮಹಡಿ, ಕಿಟಕಿ ಪಕ್ಕ.’

ಇಷ್ಟೇ. ಹರ್ಷ ಎಲ್ಲಿಯೂ ಇಲ್ಲವೆಂದು ಮ್ಯಾನೇಜರ್ರು ಕೊರಗಿದರು. ಕಿಟಕಿ ಪಕ್ಕ ಅಂತ ಹಾಕಿದ್ದೀನಲ್ಲ ಅಂದೆ. ಖರೀದಿ ವಿಭಾಗದ ಸಾಲು ಯಾಕೆ ಎಂದೂ ಕೇಳಿದರು. ಹೊಸಬರು ಬಂದ ಮೊದಲ ವಾರ ಎಲ್ಲರೂ ತಮ್ಮ ಹಳೆಯ ತಲೆನೋವುಗಳನ್ನೆಲ್ಲ ತಂದು ಅವರ ಮೇಜಿನ ಮೇಲಿಡುತ್ತಾರೆ. ಯಾವುದು ಇವರದಲ್ಲ ಎಂದು ಒಂದು ಸಾಲು ಬರೆದರೆ ಅರ್ಧ ವಾಪಸು ಹೋಗುತ್ತದೆ. ಎರಡು ವಾರ ಇಬ್ಬರೂ ಇರುವುದಕ್ಕೆ ಕಾರಣ ತಿಂಗಳ ಮೊದಲಿನ ಬಿಲ್ಲುಗಳು. ಜೂನಿನ ಲೆಕ್ಕ ಮುಗಿಯದೆ ಕೈ ಬದಲಾದರೆ ಯಾವ ತಪ್ಪು ಯಾರದೆಂದು ಮುಂದಿನ ಮಾರ್ಚಿನವರೆಗೂ ಜಗಳವಾಡಬಹುದು.

‘ಊರು ಅಜ್ಜಂಪುರ’ ಎಂಬುದನ್ನು ನಾನು ಹಾಕಿದ್ದು ಅವಳನ್ನು ಕೇಳಿಯೇ. ಹಾಕಿ ಸರ್, ಯಾರಿಗೆ ಗೊತ್ತಿರುತ್ತೆ, ಅಂದಿದ್ದಳು. ಗೊತ್ತಿದ್ದವರಿದ್ದರು. ಸ್ಟೋರಿನ ತರೀಕೆರೆಯವರೊಬ್ಬರು ಮೂರನೇ ಮಹಡಿಗೆ ಹತ್ತಿ ಬಂದು ಮಾತಾಡಿಸಿದರು. ಇನ್ನೊಬ್ಬ ಹುಡುಗ ಹುಬ್ಬಳ್ಳಿಯವನು, ಪ್ರತಿ ದೀಪಾವಳಿಗೆ ರೈಲಿನ ಕಿಟಕಿಯಿಂದ ಅಜ್ಜಂಪುರದ ಬೋರ್ಡು ನೋಡಿದ್ದೇನೆ, ಅಲ್ಲಿ ಇಳಿದವರನ್ನು ಇವತ್ತೇ ನೋಡಿದ್ದು ಅಂದ. ಹದಿನೈದು ವರ್ಷದ ಅಪಾರ ಅನುಭವ ಓದಿ ಯಾರೂ ಮಹಡಿ ಹತ್ತಿ ಬಂದದ್ದನ್ನು ನಾನು ಕಂಡಿಲ್ಲ. ನಾನು ಸೇರಿದ ದಿನದ ಮೇಲ್‌ನಲ್ಲಿ ಊರಿನ ಹೆಸರು ಇರಲಿಲ್ಲ. ಇದ್ದಿದ್ದರೆ ಯಾರು ಬರುತ್ತಿದ್ದರೋ ಎಂದು ಅವತ್ತು ಸಂಜೆ ಸ್ವಲ್ಪ ಹೊತ್ತು ಯೋಚಿಸಿದೆ. ಎಮ್ಮೆದೊಡ್ಡಿಯ ಹೆಸರು ಓದಿದವರಲ್ಲಿ ಹೆಚ್ಚಿನವರು ಹಾಲಿನ ವಿಷಯವೇನಾದರೂ ಕೇಳಲು ಬರುತ್ತಿದ್ದರು.

ಒಂದು ಮಾತ್ರ ಕೆಟ್ಟಿತು. ಮೊದಲ ದಿನ ಬೆಳಿಗ್ಗೆ ಗೇಟಿನಲ್ಲಿ ಅವಳನ್ನು ಅರ್ಧ ಗಂಟೆ ನಿಲ್ಲಿಸಿದರು. ಸೆಕ್ಯುರಿಟಿಯವರು ಗುತ್ತಿಗೆಯವರು, ಅವರಿಗೆ ಕಂಪನಿಯ ಮೇಲ್ ವಿಳಾಸವೇ ಇಲ್ಲ. ಹೊಸಬರನ್ನು ಎಲ್ಲರಿಗಿಂತ ಮೊದಲು ಕಾಣುವವರು ಅವರೇ, ‘ಎಲ್ಲರಿಗೂ’ ಎಂಬ ಪಟ್ಟಿಯಲ್ಲಿ ಇಲ್ಲದವರೂ ಅವರೇ. ಈಗ ಸೇರುವವರ ಹೆಸರನ್ನು ಹಿಂದಿನ ಸಂಜೆಯೇ ಚೀಟಿಯಲ್ಲಿ ಬರೆದು ಗೇಟಿಗೆ ಕೊಡುತ್ತೇವೆ, ಕನ್ನಡದಲ್ಲಿ.

ವಾರ ಕಳೆದ ಮೇಲೆ ಅವಳ ತಂದೆ ಫೋನ್ ಮಾಡಿದ್ದರು. ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಮಗಳು ಮೇಲ್ ತೋರಿಸಿದ್ದಾಳೆ, ಚೆನ್ನಾಗಿದೆ ಅಂದರು. ಎಮ್ಮೆದೊಡ್ಡಿಯಲ್ಲಿ ಯಾರ ಮನೆಯವರು ಎಂದು ನನ್ನನ್ನು ವಿಚಾರಿಸಿ, ನಮ್ಮ ದೊಡ್ಡಪ್ಪನವರ ಪರಿಚಯ ಹಿಡಿದು, ಆಮೇಲೆ ಮೇಷ್ಟ್ರ ದನಿಗೆ ಬಂದರು.

“ಒಂದು ಲೋಪ ಇದೆ ಇವರೇ. ಏಳನೇ ತಾರೀಕು ಅಂತಿದೆ. ಪೂರ್ವಾಹ್ನನೋ ಅಪರಾಹ್ನನೋ ನಮೂದಿಸಿಲ್ಲ.”

ಸರ್ಕಾರಿ ನೌಕರರಿಗೆ ಅದು ದೊಡ್ಡ ವಿಷಯ. ಕರ್ತವ್ಯಕ್ಕೆ ಹಾಜರಾದ ವರದಿಯಲ್ಲಿ ಪೂರ್ವಾಹ್ನ ಎಂದಿದ್ದರೆ ಆ ದಿನದ ಸಂಬಳ ಬರುತ್ತದೆ, ಅಪರಾಹ್ನವಾದರೆ ಮರುದಿನದಿಂದ. ಬಸ್ಸು ತಪ್ಪಿ ಒಂದು ದಿನದ ಸಂಬಳ ಕಳೆದುಕೊಂಡವರ ಕಥೆ ಅವರ ಬಳಿ ಇತ್ತು, ಹೇಳಿದರು. ಖಾಸಗಿಯಲ್ಲಿ ಹಾಗಿಲ್ಲ ಸರ್, ಇಡೀ ದಿನದ್ದೂ ಕೊಡುತ್ತೇವೆ ಎಂದೆ. ಅದು ಸರಿ, ಆದರೆ ಅರ್ಧ ಗಂಟೆ ಗೇಟಿನಲ್ಲಿ ನಿಂತಿದ್ದಳಂತಲ್ಲ, ಎಷ್ಟು ಹೊತ್ತಿಗೆ ಬರಬೇಕು ಅಂತ ಇದ್ದಿದ್ದರೆ ಹಾಗಾಗುತ್ತಿತ್ತೇ, ಎಂದು ಕೇಳಿದರು.

ಈಗ ಗೇಟಿನ ಚೀಟಿಯಲ್ಲಿ ಹೆಸರಿನ ಮುಂದೆ ಬೆಳಿಗ್ಗೆ 9.30 ಎಂದೂ ಬರೆಯುತ್ತೇವೆ. ಮೇಷ್ಟ್ರಿಗೆ ಹೇಳಿ ಕಳಿಸಿದೆ. ಒಳ್ಳೆಯದಾಯ್ತು, ಆದರೆ ಸಂಬಳ ಎಷ್ಟು ಅನ್ನುವುದನ್ನೂ ಎಲ್ಲೂ ಹಾಕಿಲ್ಲವಲ್ಲ, ಇಲ್ಲಿ ಎಲ್ಲರೂ ಕೇಳ್ತಿದಾರೆ, ಅಂದರಂತೆ.